ಫುಲ್ ಅಂಡ್ ಫೈನಲ್ ಹಾಳೆಯನ್ನು ನಾನು ಓದಿದ ಬಗೆ

ಕೆಲಸ ಬಿಟ್ಟು ಇಪ್ಪತ್ತೈದು ದಿನಗಳಾದ ಮೇಲೆ, 2024ರ ಏಪ್ರಿಲ್ 22ರಂದು, ಹಳೆಯ ಕಂಪನಿಯಿಂದ ಒಂದು ಪುಟದ ಲೆಕ್ಕ ಬಂತು. ಅಂತಿಮ ಲೆಕ್ಕ, ಅಂದರೆ ಎಲ್ಲರೂ ‘ಫುಲ್ ಅಂಡ್ ಫೈನಲ್’ ಎಂದು ಕರೆಯುವ ಹಾಳೆ. ಕೊನೆಯ ಸಾಲಿನಲ್ಲಿ ನನಗೆ ಸಲ್ಲುವ ಮೊತ್ತ 2,48,645 ರೂಪಾಯಿ ಎಂದಿತ್ತು. ‘ಒಪ್ಪಿದ್ದೇನೆ’ ಎಂದು ಸಹಿ ಮಾಡಿ ಎರಡು ದಿನಗಳೊಳಗೆ ಕಳುಹಿಸಿ ಎಂದು ಮಿಂಚಂಚೆಯಲ್ಲಿ ಬರೆದಿದ್ದರು. ಮೊತ್ತ ಕಡಿಮೆಯೇನೂ ಅನ್ನಿಸಲಿಲ್ಲ. ಸಹಿ ಮಾಡಿಯೇ ಬಿಡುತ್ತಿದ್ದೆನೇನೋ. ಆದರೆ ನೋಟಿಸ್ ಅವಧಿಯ ಕಡಿತ ಎಂಬ ಸಾಲಿನಲ್ಲಿ 96,000 ಎಂದು ಕಂಡಿತು. ಅದು ನನ್ನ ಒಂದು ತಿಂಗಳ ಪೂರ್ತಿ ಸಂಬಳ. ನಾನು ಒಂದು ತಿಂಗಳು ಮುಂಚೆ ಹೊರಟಿರಲಿಲ್ಲ ಎಂಬುದು ಚೆನ್ನಾಗಿ ನೆನಪಿತ್ತು. ಅಲ್ಲಿಂದ ಹಾಳೆಯನ್ನು ಸಾಲು ಸಾಲಾಗಿ ಓದಲು ಕುಳಿತೆ.

ಓದುವುದಕ್ಕೆ ಬೇಕಾದ ನಾಲ್ಕು ಕಾಗದಗಳು ನನ್ನ ಬಳಿ ಇದ್ದವು. ಕಂಪನಿಯ ಲ್ಯಾಪ್‌ಟಾಪ್ ಹಿಂದಿರುಗಿಸುವ ಹಿಂದಿನ ವಾರವೇ ಅವನ್ನು ನನ್ನ ಸ್ವಂತ ಮಿಂಚಂಚೆಗೆ ಕಳುಹಿಸಿಕೊಂಡಿದ್ದೆ: 2016ರ ನೇಮಕಾತಿ ಪತ್ರ, ರಾಜೀನಾಮೆಯ ಮಿಂಚಂಚೆ, ರಜೆ ಬಾಕಿ ತೋರಿಸುವ ಪರದೆಯ ಚಿತ್ರ ಮತ್ತು ಕೊನೆಯ ಪೂರ್ಣ ತಿಂಗಳ ಸಂಬಳದ ಚೀಟಿ. ಕೆಲಸದ ಕೊನೆಯ ದಿನ ಸಂಜೆಗೆ ಲಾಗಿನ್ ಮುಚ್ಚಿಬಿಡುತ್ತಾರೆ. ಆಮೇಲೆ ರಜೆಯ ಲೆಕ್ಕ ನೋಡಬೇಕೆಂದರೆ ಅವರು ಹೇಳಿದ್ದೇ ಲೆಕ್ಕ.

ಹಾಳೆಯ ಎಡಭಾಗದಲ್ಲಿ ಬರಬೇಕಾದ ಹಣ ಇತ್ತು: ಮಾರ್ಚ್ ತಿಂಗಳ 28 ದಿನಗಳ ಸಂಬಳ 86,710, ರಜೆ ನಗದೀಕರಣ 51,200, ಗ್ರಾಚ್ಯುಟಿ 2,21,538. ಬಲಭಾಗದಲ್ಲಿ ಕಡಿತಗಳು: ನೋಟಿಸ್ ಕಡಿತ 96,000, ಭವಿಷ್ಯ ನಿಧಿ 5,203, ವೃತ್ತಿ ತೆರಿಗೆ 200, ಟಿಡಿಎಸ್ 9,400. ಕೂಡಿ ಕಳೆದರೆ ಮೊತ್ತ ಸರಿಯಾಗಿಯೇ ಬರುತ್ತಿತ್ತು. ಇಂಥ ಹಾಳೆಯನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಮಾಡುವುದು ಇಷ್ಟೇ, ಕೂಡುವುದು ಮತ್ತು ಕಳೆಯುವುದು. ತಪ್ಪು ಇರುವುದು ಅಲ್ಲಲ್ಲ. ಮುಖ್ಯವಾದ ಪ್ರತಿ ಸಾಲಿನ ಹಿಂದೆ ಎರಡು ಅಂಕಿಗಳು ಅಡಗಿರುತ್ತವೆ. ಎಷ್ಟು ದಿನ ಎಂಬುದು ಒಂದು, ದಿನಕ್ಕೆ ಎಷ್ಟು ಎಂಬುದು ಇನ್ನೊಂದು. ಹಾಳೆಯಲ್ಲಿ ಅಚ್ಚಾಗುವುದು ಅವುಗಳ ಗುಣಲಬ್ಧ ಮಾತ್ರ. ಆ ಎರಡು ಅಂಕಿಗಳನ್ನು ಬಿಡಿಸಿಕೊಳ್ಳುವ ತನಕ ಹಾಳೆಯನ್ನು ಓದಿದಂತಲ್ಲ.

ನನ್ನ ಮೂಲ ವೇತನ ತಿಂಗಳಿಗೆ 48,000, ಒಟ್ಟು ಸಂಬಳ 96,000. ಹಾಗಾಗಿ 30ರಿಂದ ಭಾಗಿಸಿದರೆ ನನ್ನ ಒಂದು ದಿನಕ್ಕೆ ಎರಡು ಬೆಲೆಗಳು ಬರುತ್ತಿದ್ದವು. ಮೂಲ ವೇತನದ ಮೇಲೆ 1,600, ಒಟ್ಟು ಸಂಬಳದ ಮೇಲೆ 3,200. ಈ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಒಂದೊಂದೇ ಸಾಲಿಗೆ ಹೋದೆ.

ಮೊದಲು ನೋಟಿಸ್ ಕಡಿತ. 96,000ವನ್ನು 3,200ರಿಂದ ಭಾಗಿಸಿದರೆ 30 ದಿನ. ಅಂದರೆ ಅವರ ಲೆಕ್ಕದಲ್ಲಿ ನಾನು 90 ದಿನಗಳ ನೋಟಿಸ್‌ನಲ್ಲಿ 60 ದಿನ ಮಾತ್ರ ಕೆಲಸ ಮಾಡಿದ್ದೆ. ಅದು ಎಲ್ಲಿಂದ ಬಂತು ಎಂದು ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿದೆ. ಮಾರ್ಚ್‌ನಲ್ಲಿ 28 ದಿನ, ಅಧಿಕ ವರ್ಷವಾದ್ದರಿಂದ ಫೆಬ್ರುವರಿಯಲ್ಲಿ 29, ಉಳಿದದ್ದು ಜನವರಿಯ 3 ದಿನ. ಹಾಗಾದರೆ ಅವರು ಎಣಿಕೆ ಶುರು ಮಾಡಿದ್ದು ಜನವರಿ 29ರಿಂದ. ನಾನು ರಾಜೀನಾಮೆ ಕಳುಹಿಸಿದ್ದು ಜನವರಿ 24ರ ಬುಧವಾರ. 29ರ ಸೋಮವಾರ ಮ್ಯಾನೇಜರ್ ಅದನ್ನು ಕಂಪನಿಯ ತಂತ್ರಾಂಶದಲ್ಲಿ ಅನುಮೋದಿಸಿದ್ದರು. ತಂತ್ರಾಂಶ ತನ್ನ ಪಾಡಿಗೆ ಅನುಮೋದನೆಯ ದಿನವನ್ನೇ ನೋಟಿಸ್‌ನ ಮೊದಲ ದಿನವೆಂದು ಹಿಡಿದಿತ್ತು.

ನೇಮಕಾತಿ ಪತ್ರದಲ್ಲಿ ಇದ್ದದ್ದು ಬೇರೆ. ಲಿಖಿತವಾಗಿ ನೋಟಿಸ್ ಕೊಟ್ಟ ದಿನದಿಂದ 90 ದಿನ, ಕಡಿಮೆ ಬಿದ್ದ ದಿನಗಳಿಗೆ ಮೂಲ ವೇತನದ ದರದಲ್ಲಿ ಭರ್ತಿ, ಇದು ಅದರ ಸಾರ. ಜನವರಿ 24ರಿಂದ ಎಣಿಸಿದರೆ 8, 29, 28, ಒಟ್ಟು 65 ದಿನ. ಕಡಿಮೆ ಬಿದ್ದದ್ದು 25 ದಿನ. ದಿನಕ್ಕೆ 1,600ರಂತೆ 40,000 ರೂಪಾಯಿ. ಅವರು ಹಿಡಿದಿದ್ದ 96,000ಕ್ಕೂ ಇದಕ್ಕೂ 56,000ದ ಅಂತರ. ದಿನದಲ್ಲೂ ತಪ್ಪು, ದರದಲ್ಲೂ ತಪ್ಪು, ಎರಡೂ ಗುಣಿಸಿಕೊಂಡು ಇಷ್ಟು ದೊಡ್ಡದಾಗಿತ್ತು.

ನಾನು ಎಚ್‌ಆರ್ ವಿಭಾಗಕ್ಕೆ ಬರೆದ ಪತ್ರದಲ್ಲಿ ದೂರು ಇರಲಿಲ್ಲ, ಬರೀ ಎಣಿಕೆ ಇತ್ತು. ರಾಜೀನಾಮೆಯ ಮಿಂಚಂಚೆ, ನೇಮಕಾತಿ ಪತ್ರದ ಆ ಪುಟ, ತಿಂಗಳುವಾರು ದಿನಗಳ ಲೆಕ್ಕ. ಮೂರು ದಿನಗಳ ನಂತರ ಉತ್ತರ ಬಂತು. ದಿನಗಳನ್ನು ಒಪ್ಪಿದರು. ದರವನ್ನು ಒಪ್ಪಲಿಲ್ಲ. ‘ಸರ್, ಈಗಿನ ಉದ್ಯೋಗಿ ಕೈಪಿಡಿಯ ಪ್ರಕಾರ ಒಟ್ಟು ಸಂಬಳದ ಮೇಲೆ ಕಡಿತ’ ಎಂದು ಬರೆದರು. ಕೈಪಿಡಿಯನ್ನು ನಡುವೆ ಪರಿಷ್ಕರಿಸಿದ್ದು ನಿಜ. ಆದರೆ ಅದೇ ಕೈಪಿಡಿಯ ಮೊದಲ ಪುಟದಲ್ಲಿ, ನೇಮಕಾತಿ ಪತ್ರಕ್ಕೂ ಇದಕ್ಕೂ ವಿರೋಧ ಬಂದರೆ ಪತ್ರದ ಮಾತೇ ಅಂತಿಮ ಎಂಬ ಸಾಲಿತ್ತು. ನನ್ನ ಸಹಿ ಇದ್ದದ್ದು ಪತ್ರದ ಮೇಲೆ, ಕೈಪಿಡಿಯ ಮೇಲಲ್ಲ. ಆ ಸಾಲನ್ನು ತೋರಿಸಿದ ಮೇಲೆ ಕಡಿತ 40,000ಕ್ಕೆ ಇಳಿಯಿತು.

ಎಲ್ಲರಿಗೂ ಹೀಗೆ ಆಗುವುದಿಲ್ಲ ಎಂಬುದನ್ನು ಹೇಳಲೇಬೇಕು. ಪತ್ರದಲ್ಲೇ ಒಟ್ಟು ಸಂಬಳ ಎಂದು ಬರೆದು ನೀವು ಸಹಿ ಮಾಡಿದ್ದರೆ ದರದ ವಾದಕ್ಕೆ ಬಲವಿಲ್ಲ, ದಿನಗಳನ್ನಷ್ಟೇ ಪರಿಶೀಲಿಸಬಹುದು. ಕಂಪನಿಯೇ ತನ್ನ ಅನುಕೂಲಕ್ಕೆ ಬೇಗ ಹೊರಡಿ ಎಂದಿದ್ದರೆ ಆ ದಿನಗಳಿಗೆ ಕಡಿತ ನ್ಯಾಯವಲ್ಲ. ಆದರೆ ಆ ಮಾತು ಬರಹದಲ್ಲಿ ಇರಬೇಕು. ನನ್ನ ವಿಷಯದಲ್ಲಿ ಬೇಗ ಬಿಡಿ ಎಂದು ಕೇಳಿಕೊಂಡವನು ನಾನೇ, ಆದ್ದರಿಂದ 40,000 ನಾನು ಕೊಡಬೇಕಾದ ಹಣವೇ. ಈ ಸಾಲಿನಲ್ಲಿ ನಾನು ಹುಡುಕಿದ ಇನ್ನೊಂದು ಸಂಗತಿ ಜಿಎಸ್‌ಟಿ. ಹಿಂದೆ ಕೆಲವು ಕಂಪನಿಗಳು ನೋಟಿಸ್ ಕಡಿತದ ಮೇಲೆ ಶೇ 18ರಷ್ಟು ಸೇರಿಸುತ್ತಿದ್ದವು. ಇದಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನನ್ನ ಹಾಳೆಯಲ್ಲಿ ಅದು ಇರಲಿಲ್ಲ.

ಮುಂದಿನದು ರಜೆ ನಗದೀಕರಣ. 51,200ವನ್ನು 1,600ರಿಂದ ಭಾಗಿಸಿದರೆ 32 ದಿನ. ಅಂದರೆ ದರ ಮೂಲ ವೇತನದ್ದು, ನಮ್ಮ ರಜೆ ನಿಯಮದಲ್ಲೂ ಹಾಗೆಯೇ ಇತ್ತು. ಇಲ್ಲಿ ಒಂದು ಕ್ಷಣ ನಿಂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ಹಾಳೆಯಲ್ಲಿ ನಾನು ಕಂಪನಿಗೆ ಕೊಡಬೇಕಾದ ದಿನದ ಬೆಲೆ 3,200, ಕಂಪನಿ ನನಗೆ ಕೊಡಬೇಕಾದ ದಿನದ ಬೆಲೆ 1,600. ಒಂದೇ ಮನುಷ್ಯನ ಒಂದೇ ದಿನ, ಒಂದೇ ಪುಟದಲ್ಲಿ ಎರಡು ಬೆಲೆ. ಇಂಥ ನಿಯಮ ನಿಜವಾಗಿಯೂ ಜಾರಿಯಲ್ಲಿರುವ ಕಂಪನಿಗಳು ಬೇಕಾದಷ್ಟಿವೆ. ಅಲ್ಲಿ ಕೆಲಸ ಬಿಡುವವರು ರಾಜೀನಾಮೆಯ ಮಾತುಕತೆಯಲ್ಲೇ ಒಂದು ಪ್ರಶ್ನೆ ಕೇಳಬೇಕು: ಉಳಿದ ಗಳಿಕೆ ರಜೆಯನ್ನು ನೋಟಿಸ್‌ನ ಕೊರತೆಗೆ ಹೊಂದಿಸುತ್ತೀರಾ? ಹೊಂದಿಸಿದರೆ 1,600 ರೂಪಾಯಿ ತರುತ್ತಿದ್ದ ಒಂದು ರಜೆ 3,200 ರೂಪಾಯಿ ಕಡಿತವನ್ನು ತಪ್ಪಿಸುತ್ತದೆ. ಒಪ್ಪುವುದು ಬಿಡುವುದು ಕಂಪನಿಯ ನಿಯಮಕ್ಕೆ ಸೇರಿದ್ದು. ಆದರೆ ಹೊರಬಂದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ದರ ಸರಿಯಿತ್ತು, ದಿನ ಸರಿಯಿರಲಿಲ್ಲ. ನಮಗೆ ವರ್ಷಕ್ಕೆ 18 ಗಳಿಕೆ ರಜೆ, ತಿಂಗಳಿಗೆ ಒಂದೂವರೆಯಂತೆ ಜಮೆ. ಡಿಸೆಂಬರ್ 31ಕ್ಕೆ ನನ್ನ ಬಾಕಿ 34 ದಿನ. ಫೆಬ್ರುವರಿಯಲ್ಲಿ ಎರಡು ದಿನ ರಜೆ ಹಾಕಿದ್ದೆ. 34ರಲ್ಲಿ 2 ಕಳೆದರೆ 32. ಲೆಕ್ಕ ಹಾಕಿದವರು ವರ್ಷದ ಕೊನೆಯ ಬಾಕಿಯಿಂದ ಬಳಸಿದ್ದನ್ನು ಕಳೆದಿದ್ದರು, ಜನವರಿಯಿಂದ ಮಾರ್ಚ್‌ವರೆಗೆ ಗಳಿಸಿದ ನಾಲ್ಕೂವರೆ ದಿನ ಕೂಡಲು ಮರೆತಿದ್ದರು. ಪರದೆಯ ಚಿತ್ರದಲ್ಲಿ 36.5 ಎಂದು ಸ್ಪಷ್ಟವಾಗಿತ್ತು. ಅದನ್ನು ಕಳುಹಿಸಿದೆ, ಮರುದಿನವೇ 7,200 ಸೇರಿಸಿ 58,400 ಮಾಡಿದರು. ವಾದವೇ ಆಗಲಿಲ್ಲ. ವರ್ಷದ ಮಧ್ಯೆ ಬಿಡುವವರಿಗೆ ಈ ತಪ್ಪು ಬಹಳ ಸಾಮಾನ್ಯ ಎಂದು ಆಮೇಲೆ ಅದೇ ವಿಭಾಗದವರೊಬ್ಬರು ಹೇಳಿದರು.

ರಜೆ ಹಣದ ಮೇಲೆ ತೆರಿಗೆ ಹಿಡಿದಿದ್ದಾರೆಯೇ ಎಂದೂ ನೋಡಿದೆ. ಖಾಸಗಿ ನೌಕರರು ಕೆಲಸ ಬಿಡುವಾಗ ಬರುವ ರಜೆ ನಗದೀಕರಣಕ್ಕೆ ಜೀವಮಾನದಲ್ಲಿ ಒಟ್ಟು 25 ಲಕ್ಷದವರೆಗೆ ವಿನಾಯಿತಿ ಇದೆ. 2023ರ ಏಪ್ರಿಲ್ 1ಕ್ಕೆ ಮುಂಚೆ ಈ ಮಿತಿ 3 ಲಕ್ಷವಿತ್ತು. ಇದರ ಜೊತೆಗೆ ಹತ್ತು ತಿಂಗಳ ಸರಾಸರಿ ವೇತನದಂಥ ಬೇರೆ ಮಿತಿಗಳೂ ಇವೆ, ಅವುಗಳಲ್ಲಿ ಕಡಿಮೆಯದು ಅನ್ವಯಿಸುತ್ತದೆ. 58,400 ರೂಪಾಯಿ ಯಾವ ಮಿತಿಗೂ ತಾಗುತ್ತಿರಲಿಲ್ಲ. ನನ್ನ ಟಿಡಿಎಸ್ ಬರೀ ಸಂಬಳದ ಮೇಲಿತ್ತು. ಕೆಲಸದಲ್ಲಿ ಇದ್ದುಕೊಂಡೇ ರಜೆ ಮಾರಿದರೆ ಈ ವಿನಾಯಿತಿ ಸಿಗುವುದಿಲ್ಲ, ಅದು ಪೂರ್ತಿ ತೆರಿಗೆಗೆ ಒಳಪಡುತ್ತದೆ.

ಇನ್ನು ಗ್ರಾಚ್ಯುಟಿ. ಇಲ್ಲಿ ದಿನದ ಬೆಲೆ ಮತ್ತೆ ಬದಲಾಗುತ್ತದೆ. ನಾನು ಕೆಲಸ ಬಿಟ್ಟಾಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ತಿಂಗಳನ್ನು 26 ದಿನಗಳೆಂದು ಹಿಡಿಯುತ್ತಿತ್ತು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನ ಕೊಡುತ್ತಿತ್ತು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು. ನಾನು ಸೇರಿದ್ದು 2016ರ ಆಗಸ್ಟ್ 3, ಬಿಟ್ಟದ್ದು 2024ರ ಮಾರ್ಚ್ 28. ಏಳು ವರ್ಷ, ಏಳು ತಿಂಗಳು, ಚಿಲ್ಲರೆ ದಿನಗಳು. ಆರು ತಿಂಗಳಿಗಿಂತ ಹೆಚ್ಚಿನ ಭಾಗವನ್ನು ಪೂರ್ತಿ ವರ್ಷವೆಂದು ಎಣಿಸಬೇಕಾದ್ದರಿಂದ ನನ್ನದು ಎಂಟು ವರ್ಷ.

48,000 × 15 ÷ 26 × 8 = 2,21,538

ಹಾಳೆಯಲ್ಲೂ ಇದೇ ಇತ್ತು. 26ರ ಬದಲು 30ರಿಂದ ಭಾಗಿಸಿದ್ದರೆ 1,92,000 ಬರುತ್ತಿತ್ತು, ಎಂಟರ ಬದಲು ಏಳು ವರ್ಷ ಹಿಡಿದಿದ್ದರೆ 1,93,846. ಈ ಎರಡು ತಪ್ಪುಗಳ ಫಲ ಹತ್ತಿರ ಹತ್ತಿರ ಇರುವುದರಿಂದ, ಮೊತ್ತ ಕಡಿಮೆ ಕಂಡರೆ ಯಾವ ತಪ್ಪು ಎಂದು ಬಿಡಿಸಿ ನೋಡಿಯೇ ಬರೆಯಬೇಕು.

ಮೊತ್ತ ಸರಿಯಿತ್ತು. ತೊಂದರೆ ಬಂದದ್ದು ಹಣ ಜಮೆಯಾಗುವ ವಿಷಯದಲ್ಲಿ. ತಿದ್ದಿದ ಹಾಳೆಯ ಪ್ರಕಾರ ನನಗೆ 3,11,845 ಬರಬೇಕಿತ್ತು. ಮೇ 15ರಂದು ಖಾತೆಗೆ ಬಂದದ್ದು 90,307. ಎದೆ ಧಸಕ್ಕೆಂದಿತು. ಆಮೇಲೆ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಸಾಲನ್ನು ಓದಿದೆ: ಗ್ರಾಚ್ಯುಟಿಯನ್ನು ಟ್ರಸ್ಟ್ ಪ್ರತ್ಯೇಕವಾಗಿ ಪಾವತಿಸುತ್ತದೆ. ಬಹಳ ಕಂಪನಿಗಳು ಗ್ರಾಚ್ಯುಟಿಗೆಂದು ಟ್ರಸ್ಟ್ ಮಾಡಿ ಹಣವನ್ನು ಜೀವ ವಿಮಾ ಕಂಪನಿಯಲ್ಲಿ ಇಟ್ಟಿರುತ್ತವೆ. ಹಾಳೆಯಲ್ಲಿ ಮೊತ್ತ ತೋರಿಸುತ್ತಾರೆ, ಆದರೆ ಸಂಬಳದ ವಿಭಾಗ ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಳುಹಿಸುತ್ತದೆ. 3,11,845ರಲ್ಲಿ 2,21,538 ಕಳೆದರೆ ನನಗೆ ಬಂದ ಮೊತ್ತ ಪೈಸೆಗೆ ಪೈಸೆ ಸರಿಹೊಂದಿತು. ಹೀಗಾಗಿ ಹಾಳೆ ಬಂದ ದಿನವೇ ಕೇಳಬೇಕಾದ ಪ್ರಶ್ನೆ, ಗ್ರಾಚ್ಯುಟಿ ಇದೇ ಪಾವತಿಯಲ್ಲಿ ಬರುತ್ತದೆಯೇ, ಬೇರೆಯಾಗಿಯೇ ಎಂಬುದು.

ಕಾಯ್ದೆಯ ಗಡುವು ಇದಕ್ಕೆಲ್ಲ ಕಾಯುವುದಿಲ್ಲ. ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದ 30 ದಿನಗಳೊಳಗೆ ಪಾವತಿಯಾಗಬೇಕು. ನನ್ನ ಮಟ್ಟಿಗೆ ಅದು ಏಪ್ರಿಲ್ 27. ನಾನು ಏಪ್ರಿಲ್ 2ರಂದೇ ಗ್ರಾಚ್ಯುಟಿ ಕೋರುವ ಅರ್ಜಿಯಾದ ‘ಫಾರ್ಮ್ ಐ’ ತುಂಬಿ ಕೊಟ್ಟು ಸ್ವೀಕೃತಿ ಪಡೆದಿದ್ದೆ. ಅರ್ಜಿ ಕೊಡದಿದ್ದರೂ ಲೆಕ್ಕ ಹಾಕಿ ಕೊಡುವ ಹೊಣೆ ಕಂಪನಿಯದೇ. ಆದರೂ ವಿಳಂಬಕ್ಕೆ ನೌಕರನೇ ಕಾರಣ ಎಂಬ ಮಾತಿಗೆ ಆ ಸ್ವೀಕೃತಿ ಜಾಗ ಕೊಡುವುದಿಲ್ಲ. ವಿಚಾರಿಸಿದಾಗ ತಿಳಿದದ್ದು, ನಾನು ಅಂತಿಮ ಹಾಳೆಗೆ ಸಹಿ ಮಾಡಿದ ಮೇಲಷ್ಟೇ ಅವರು ವಿಮಾ ಕಂಪನಿಗೆ ಕ್ಲೇಮ್ ಕಳುಹಿಸಿದ್ದರು. ನೋಟಿಸ್ ಕಡಿತದ ತಕರಾರಿಗೂ ಗ್ರಾಚ್ಯುಟಿಗೂ ಗಂಟು ಹಾಕಿದ್ದು ಅವರ ಪದ್ಧತಿ, ಕಾಯ್ದೆಯಲ್ಲ.

ಸಹಿ ಮಾಡುವಾಗ ನಾನು ಒಂದು ಎಚ್ಚರ ವಹಿಸಿದ್ದೆ. ಹಾಳೆಯಲ್ಲಿ ‘ನನ್ನ ಎಲ್ಲ ಬಾಕಿ ಸಂದಿದೆ, ಇನ್ನಾವ ಹಕ್ಕು ಉಳಿದಿಲ್ಲ’ ಎಂಬರ್ಥದ ಒಕ್ಕಣೆ ಇತ್ತು. ಅದರ ಕೆಳಗೆ ಕೈಬರಹದಲ್ಲಿ, ಗ್ರಾಚ್ಯುಟಿ 2,21,538 ರೂಪಾಯಿ ಇನ್ನೂ ಬಂದಿಲ್ಲ ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿದೆ. ಯಾರೂ ಆಕ್ಷೇಪಿಸಲಿಲ್ಲ.

ಗ್ರಾಚ್ಯುಟಿ ಜಮೆಯಾದದ್ದು ಜೂನ್ 12ರಂದು. ತಡವಾದದ್ದಕ್ಕೆ ಬಡ್ಡಿ ಕೇಳಿದೆ. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. 30 ದಿನ ಮೀರಿದ ಮೇಲಿನ ದಿನಗಳಿಗೆ ಮಾತ್ರ ಬಡ್ಡಿ ಎಂದು ತಿಳಿಯುತ್ತಾರೆ. ಕಾಯ್ದೆಯ 7(3ಎ) ಕಲಮು ಹೇಳುತ್ತಿದ್ದುದು ಹಾಗಲ್ಲ. 30 ದಿನಗಳೊಳಗೆ ಕೊಡದಿದ್ದರೆ, ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದಲೇ ಪಾವತಿಯ ದಿನದವರೆಗೆ ಸರಳ ಬಡ್ಡಿ. ದರ ಆಗ ವರ್ಷಕ್ಕೆ ಶೇ 10. ಮಾರ್ಚ್ 28ರಿಂದ ಜೂನ್ 12ರವರೆಗೆ 76 ದಿನ, ಬಡ್ಡಿ 4,613 ರೂಪಾಯಿ. ವಿಮಾ ಕಂಪನಿ ತಡ ಮಾಡಿತು ಎಂದು ಉತ್ತರ ಬಂತು. ಗ್ರಾಚ್ಯುಟಿ ಕೊಡುವ ಹೊಣೆ ಕಾಯ್ದೆಯಲ್ಲಿ ಮಾಲೀಕನದು, ಟ್ರಸ್ಟ್ ಆಗಲಿ ವಿಮೆಯಾಗಲಿ ಅವನು ಮಾಡಿಕೊಂಡ ಏರ್ಪಾಡು ಎಂದು ಮರುಪತ್ರ ಬರೆದೆ. ಒಪ್ಪದಿದ್ದರೆ ನಿಯಂತ್ರಣ ಪ್ರಾಧಿಕಾರಕ್ಕೆ ‘ಫಾರ್ಮ್ ಎನ್’ ಸಲ್ಲಿಸುತ್ತೇನೆ ಎಂದೂ ಸೇರಿಸಿದೆ. ಕರ್ನಾಟಕದಲ್ಲಿ ಮಾತ್ರ ಇರುವ ಸಂಸ್ಥೆಗಾದರೆ ರಾಜ್ಯದ ಸಹಾಯಕ ಕಾರ್ಮಿಕ ಆಯುಕ್ತರ ಬಳಿ ಹೋಗಬೇಕಿತ್ತು. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಶಾಖೆಗಳಿದ್ದರೆ ಈ ಕಾಯ್ದೆಯಡಿ ಅಧಿಕಾರ ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಗಳದಾಗಿತ್ತು. ನಮ್ಮ ಕಂಪನಿಗೆ ಮೂರು ರಾಜ್ಯಗಳಲ್ಲಿ ಕಚೇರಿಗಳಿದ್ದವು, ಆದ್ದರಿಂದ ಪತ್ರದಲ್ಲಿ ಕೇಂದ್ರದ ಕಚೇರಿಯನ್ನೇ ಹೆಸರಿಸಿದೆ. ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಳು ವ್ಯರ್ಥವಾಗುತ್ತವೆ.

ಇದೇ ಹೊತ್ತಿಗೆ ಕೆಲಸ ಬಿಟ್ಟ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಅವರು ನೋಟಿಸ್‌ನಲ್ಲಿ ಬರೀ ಹತ್ತು ದಿನ ಕೆಲಸ ಮಾಡಿ ಹೊರಟಿದ್ದರು. ಕಡಿತ ಎಷ್ಟು ದೊಡ್ಡದಾಗಿತ್ತೆಂದರೆ ಕೊನೆಯ ಸಂಬಳ ಮತ್ತು ರಜೆ ಹಣ ಎರಡೂ ಕರಗಿ ಇನ್ನೂ ಬಾಕಿ ಉಳಿದಿತ್ತು. ಆ ಬಾಕಿಯನ್ನು ಗ್ರಾಚ್ಯುಟಿಯಿಂದ ಹಿಡಿಯುತ್ತೇವೆ ಎಂದು ಕಂಪನಿ ಬರೆದಿತ್ತಂತೆ. ‘ಅವರು ಹೇಳಿದ ಮೇಲೆ ಕೊಡಲೇಬೇಕಲ್ಲವೇ ಸರ್?’ ಎಂದು ಕೇಳಿದರು. ಗ್ರಾಚ್ಯುಟಿಯನ್ನು ತಡೆಹಿಡಿಯಲು ಕಾಯ್ದೆಯ 4(6) ಕಲಮಿನಲ್ಲಿ ಕೊಟ್ಟಿದ್ದ ಕಾರಣಗಳು ಕೆಲವೇ. ಅವೆಲ್ಲವೂ ತಪ್ಪಿಗಾಗಿ ಕೆಲಸದಿಂದ ತೆಗೆದುಹಾಕಿದ ಸಂದರ್ಭಕ್ಕೆ ಸೇರಿದವು: ಸಂಸ್ಥೆಯ ಆಸ್ತಿಗೆ ಮಾಡಿದ ನಷ್ಟ, ಹಿಂಸಾತ್ಮಕ ನಡತೆ, ಕೆಲಸದ ವೇಳೆಯಲ್ಲಿ ಮಾಡಿದ ನೈತಿಕ ಅಧಃಪತನದ ಅಪರಾಧ. ರಾಜೀನಾಮೆ ಕೊಟ್ಟವರ ನೋಟಿಸ್ ಬಾಕಿ ಅದರಲ್ಲಿಲ್ಲ. ಬಾಕಿ ಇರುವುದು ನಿಜ, ಅದನ್ನು ಕಂಪನಿ ಬೇರೆ ದಾರಿಯಲ್ಲಿ ಕೇಳಲಿ, ನೀವು ಕಂತಿನಲ್ಲಿ ಕೊಡುತ್ತೇನೆನ್ನಿ, ಗ್ರಾಚ್ಯುಟಿಯನ್ನು ಮುಟ್ಟುವಂತಿಲ್ಲ ಎಂದು ಬರೆಯಲು ಹೇಳಿದೆ. ಅವರ ಗ್ರಾಚ್ಯುಟಿ ಪೂರ್ತಿ ಬಂತು.

ನನ್ನದು ನಡೆದದ್ದು ಹಳೆಯ ಕಾಯ್ದೆಯಡಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗ್ರಾಚ್ಯುಟಿಯ 30 ದಿನಗಳ ಗಡುವು ಅಲ್ಲೂ ಇದೆ. ಸಂಬಳದ ಬಾಕಿಯ ಗಡುವು ಮಾತ್ರ ಬಹಳ ಬಿಗಿಯಾಗಿದೆ, ರಾಜೀನಾಮೆ ಕೊಟ್ಟು ಹೊರಟವರಿಗೆ ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕು. ವೇತನ ಎಂಬ ಪದದ ಅರ್ಥವೂ ಬದಲಾಗಿದೆ. ಮನೆ ಬಾಡಿಗೆಯಂಥ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ನನ್ನ ಮೂಲ ವೇತನ ಸರಿಯಾಗಿ ಅರ್ಧವಿದ್ದುದರಿಂದ ನನ್ನ ಲೆಕ್ಕ ಹಾಗೆಯೇ ಉಳಿಯುತ್ತಿತ್ತು. 96,000ದಲ್ಲಿ ಮೂಲ ವೇತನವನ್ನು 30,000ಕ್ಕೆ ಇಟ್ಟಿರುವವರು ಮಾತ್ರ ಈಗ ಗ್ರಾಚ್ಯುಟಿಯ ಸಾಲನ್ನು 30,000ದ ಮೇಲಲ್ಲ, 48,000ದ ಮೇಲೆ ಹಾಕಿದ್ದಾರೆಯೇ ಎಂದು ಮರೆಯದೆ ನೋಡಬೇಕು.

ನನ್ನ ಮರುಪತ್ರಕ್ಕೆ ಉತ್ತರ ಬರಲಿಲ್ಲ. ಜುಲೈ 19ರ ಮಧ್ಯಾಹ್ನ ಬ್ಯಾಂಕಿನಿಂದ ಸಂದೇಶ ಬಂತು, 4,613 ರೂಪಾಯಿ ಜಮೆ. ವಿಮಾ ಕಂಪನಿಯ ಹೆಸರಿನಲ್ಲಲ್ಲ, ಹಳೆಯ ಕಂಪನಿಯ ಸಂಬಳದ ಖಾತೆಯಿಂದಲೇ.